ಗೋಲಿ ಆಟವೋ, ಬಿಸ್ಕತ್ ಪೊಟ್ಟಣವೋ?

ನಾನು ಮಾತು-ಭಾಷೆಯ ಥೆರಪಿಸ್ಟ್. ಆಟಿಸಂ ಇರುವ ಮಕ್ಕಳಿಗೆ 'ತಪ್ಪು ನಂಬಿಕೆ' ಪರೀಕ್ಷೆಗಳನ್ನು ನಾನೇ ಕೂತು ಮಾಡಿಸುತ್ತೇನೆ. ನನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲದೆ ಇರಬಹುದು, ಅವರು ಅದರಿಂದಲೇ ತಪ್ಪು ತಿಳಿದಿರಬಹುದು ಅಂತ ಮಗುವಿಗೆ ಹೊಳೆಯುತ್ತಾ ಅನ್ನುವುದೇ ಪ್ರಶ್ನೆ. ಇದಕ್ಕೆ ಎರಡು ಹಳೆಯ ಆಟಗಳಿವೆ.

ಒಂದು ಸ್ಯಾಲಿ-ಆ್ಯನ್ ಆಟ. ಅದರ ಎರಡು ಗೊಂಬೆಗಳಿಗೆ ನಾನು ಪುಟ್ಟಿ, ಗುಂಡ ಅನ್ನುತ್ತೇನೆ. ಪುಟ್ಟಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಗುಂಡ ಅದನ್ನು ಡಬ್ಬಕ್ಕೆ ಹಾಕುತ್ತಾನೆ. ಪುಟ್ಟಿ ವಾಪಸ್ ಬಂದು ಎಲ್ಲಿ ಹುಡುಕುತ್ತಾಳೆ? ಅವಳು ನೋಡಿಲ್ಲವಲ್ಲ, ಹಾಗಾಗಿ ಬುಟ್ಟಿ ಅನ್ನುವುದೇ ಸರಿ ಉತ್ತರ. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಇದನ್ನು ಮಾಡಿಸಿದಾಗ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಗೋಲಿ ನಿಜಕ್ಕೂ ಇರುವ ಜಾಗವನ್ನೇ ತೋರಿಸಿದರು. ಡೌನ್ ಸಿಂಡ್ರೋಮ್ ಇದ್ದ ಮಕ್ಕಳಲ್ಲಿ ಹೆಚ್ಚಿನವರು ಸರಿ ಹೇಳಿದ್ದರು.

ಇನ್ನೊಂದು ಮೋಸದ ಪೊಟ್ಟಣ. ಬಿಸ್ಕತ್ ಪೊಟ್ಟಣ ತೋರಿಸಿ ಒಳಗೇನಿದೆ ಅಂತ ಕೇಳುತ್ತೇನೆ. ಬಿಚ್ಚಿದರೆ ಬಣ್ಣದ ಕಡ್ಡಿಗಳು. ಮತ್ತೆ ಮುಚ್ಚಿ, "ಅಮ್ಮ ಇನ್ನೂ ನೋಡಿಲ್ಲ. ಒಳಗೆ ಏನಿದೆ ಅಂತ ಅಂದುಕೊಳ್ತಾರೆ?" ಅನ್ನುತ್ತೇನೆ.

ಮೊದಮೊದಲು ನನಗೆ ಪೊಟ್ಟಣದ ಆಟವೇ ಇಷ್ಟವಾಗಿತ್ತು. ಗೋಲಿ ಆಟದಲ್ಲಿ ಜಾಗ ಎರಡೇ. ಸುಮ್ನೆ ಬೆರಳು ತೋರಿಸಿದರೂ ಅರ್ಧಕ್ಕರ್ಧ ಸರಿಯಾಗುತ್ತದೆ. ಪೊಟ್ಟಣದಲ್ಲಿ ಊಹೆಯಿಂದ ಗೆಲ್ಲುವುದು ಕಷ್ಟ. ಆದರೆ ನಮ್ಮ ಅಡುಗೆಮನೆ ಅದನ್ನು ಕೆಡಿಸಿತು. ಒಮ್ಮೆ ಪೊಟ್ಟಣದ ಬದಲು ಹಾರ್ಲಿಕ್ಸ್ ಬಾಟಲಿ ಇಟ್ಟೆ. ಹುಡುಗಿ ಥಟ್ಟನೆ "ಬೇಳೆ" ಅಂದಳು. ಅವಳ ಮನೆಯಲ್ಲಿ ಅದರಲ್ಲಿ ಇರುವುದು ಬೇಳೆಯೇ! ಮೊದಲ ಪ್ರಶ್ನೆಗೇ "ಬಿಸ್ಕತ್" ಅಥವಾ "ಹಾರ್ಲಿಕ್ಸ್" ಅನ್ನುವ ಉತ್ತರ ಬರದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಆಗ ನಾನು ನಿಲ್ಲಿಸಿಬಿಡುತ್ತೇನೆ.

ಗೋಲಿ ಆಟದ ತೊಡಕು ಬೇರೆ, ಅದು ಭಾಷೆಯದು. ಒಂಬತ್ತು ವರ್ಷದ ಹುಡುಗನೊಬ್ಬ ಬಂದಿದ್ದ. "ಪುಟ್ಟಿ ಎಲ್ಲಿ ಹುಡುಕುತ್ತಾಳೆ?" ಅಂದೆ. "ಡಬ್ಬ" ಅಂದ. ಗೋಲಿ ಈಗ ಎಲ್ಲಿದೆ? ಡಬ್ಬ. ಮೊದಲು ಎಲ್ಲಿತ್ತು? ಬುಟ್ಟಿ. ಕೊನೆಯ ಎರಡೂ ಸರಿ, ಅಂದರೆ ಕಥೆ ನೆನಪಿದೆ. ಆದರೂ ಫೇಲ್ ಅಂತ ಬರೆಯಲು ಕೈ ಬರಲಿಲ್ಲ. "ಎಲ್ಲಿ ಹುಡುಕುತ್ತಾಳೆ" ಅನ್ನುವುದನ್ನು "ಎಲ್ಲಿ ಹುಡುಕಿದರೆ ಸಿಗುತ್ತೆ" ಅಂತ ಕೇಳಿಸಿಕೊಂಡಿರಬಹುದಲ್ವಾ?

ಈ ಅನುಮಾನಕ್ಕೆ ಸೀಗಲ್ ಮತ್ತು ಬೀಟಿ 1991ರಲ್ಲೇ ಒಂದು ದಾರಿ ತೋರಿಸಿದ್ದರು. ಎಲ್ಲಕ್ಕಿಂತ ಮುಂಚೆ ಎಲ್ಲಿ ನೋಡುತ್ತಾಳೆ ಅಂತ ಕೇಳುವುದು. ನಾನೂ "ಪುಟ್ಟಿ ಮೊದಲು ಎಲ್ಲಿ ಹುಡುಕುತ್ತಾಳೆ?" ಅಂದೆ. "ಬುಟ್ಟಿ!" ಪಾಸ್ ಅಂತ ಖುಷಿಪಟ್ಟೆ. ರಾತ್ರಿ ಟಿಪ್ಪಣಿ ಬರೆಯುವಾಗ ತಪ್ಪು ಗೊತ್ತಾಯಿತು. ಕನ್ನಡದ 'ಮೊದಲು' ಎರಡು ಕೆಲಸ ಮಾಡುತ್ತದೆ. ಸ್ವಲ್ಪ ಹೊತ್ತಿನ ಹಿಂದೆಯೇ ನಾನು "ಮೊದಲು ಎಲ್ಲಿತ್ತು" ಅಂತ ಕೇಳಿದ್ದೆ. ಹುಡುಗ ಅದೇ ಪದಕ್ಕೆ ಅದೇ ಉತ್ತರ ಕೊಟ್ಟಿರಬಹುದು. ಈಗ "ಪುಟ್ಟಿ ಬಂದ ತಕ್ಷಣ ಎಲ್ಲಿಗೆ ಕೈ ಹಾಕುತ್ತಾಳೆ?" ಅಂತ ಕೇಳುತ್ತೇನೆ, ನೆನಪಿನ ಪ್ರಶ್ನೆ ಆಮೇಲೆ. ಹಾಗೆ ಇನ್ನೊಂದು ದಿನ ಬೇರೆ ಗೊಂಬೆಗಳ ಜೊತೆ ಕೇಳಿದಾಗ ಮತ್ತೆ ಡಬ್ಬವೇ ಬಂತು.

ಹಾಗಾದರೆ ಅವನಿಗೆ ಹಳೆಯದನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವೇ? ಅದಕ್ಕೆ ಮೂರನೆಯ ಆಟ ಮಾಡಿದೆ. ಗೊಂಬೆ ಕುರ್ಚಿಯ ಮೇಲಿದ್ದಾಗ ಫೋಟೋ ತೆಗೆದು, ಫೋಟೋ ತೋರಿಸದೆ ಗೊಂಬೆಯನ್ನು ಮಂಚಕ್ಕೆ ಬದಲಿಸಿ, "ಫೋಟೋದಲ್ಲಿ ಗೊಂಬೆ ಎಲ್ಲಿದೆ?" ಅಂದೆ. "ಕುರ್ಚಿ." ಲೆಸ್ಲಿ ಮತ್ತು ಥೈಸ್ 1992ರಲ್ಲಿ ಆಟಿಸಂ ಇರುವ ಮಕ್ಕಳಲ್ಲಿ ಕಂಡದ್ದೂ ಇದೇ. ಫೋಟೋ ಸರಿ, ನಂಬಿಕೆ ತಪ್ಪು. ಆದರೆ ಇದನ್ನು 'ಮನಸ್ಸೇ ಅರ್ಥವಾಗುವುದಿಲ್ಲ' ಅನ್ನುವುದಕ್ಕೆ ಸಾಕ್ಷಿ ಮಾಡಬಾರದು. ಹಳೆಯ ಫೋಟೋ ಸುಳ್ಳೇನಲ್ಲ, ಹಿಂದಿನ ನಿಜ ಅಷ್ಟೇ. ಪುಟ್ಟಿಯ ನಂಬಿಕೆಯಾದರೋ ಈಗಿನದರ ಬಗ್ಗೆಯೇ ತಪ್ಪು, ಹಾಗಾಗಿ ಎರಡೂ ಆಟ ಒಂದೇ ಅಲ್ಲ.

ಅವನ ಭಾಷೆ ಸುಮಾರು ಐದು ವರ್ಷದ ಮಗುವಿನಷ್ಟಿತ್ತು. ಹ್ಯಾಪೆ 1995ರಲ್ಲಿ ಹಲವು ಅಧ್ಯಯನಗಳ ಮಕ್ಕಳನ್ನು ಒಟ್ಟಿಗೆ ನೋಡಿದಾಗ, ಇಂಥ ಆಟದಲ್ಲಿ ಪಾಸಾಗುವ ಸಾಧ್ಯತೆ ಅರ್ಧಕ್ಕೆ ಬರಲು ಸಾಮಾನ್ಯ ಮಕ್ಕಳಿಗೆ ನಾಲ್ಕು ವರ್ಷದ ಭಾಷೆ ಸಾಕಾಗಿತ್ತು. ಆಟಿಸಂ ಇರುವವರಿಗೆ ಒಂಬತ್ತರ ಆಸುಪಾಸಿನದು ಬೇಕಿತ್ತು. ಹಾಗಾಗಿ ಇವನ ಫೇಲು ಅಚ್ಚರಿಯಲ್ಲ. ಕಿವಿ ಕೇಳದ, ಆದರೆ ಕೇಳುವ ತಂದೆತಾಯಿಗೆ ಹುಟ್ಟಿದ ಮಕ್ಕಳೂ ಈ ಆಟಗಳಲ್ಲಿ ಹಿಂದೆ ಬೀಳುತ್ತಾರೆ. ಅವರಿಗೆ ಆಟಿಸಂ ಇಲ್ಲ, ಆದರೆ ಮನೆಯಲ್ಲಿ ಕೈಭಾಷೆ ಆಡುವವರು ಸಿಗುವುದು ಕಡಿಮೆ. ಪಾಸಾಗುವುದೂ ಹಾಗೆಯೇ, ಅದನ್ನು ಜಾಸ್ತಿ ನಂಬಬೇಡಿ. ಸೆಂಜು ಮತ್ತು ಸಂಗಡಿಗರು 2009ರಲ್ಲಿ ಪರೀಕ್ಷಿಸಿದ ಆಸ್ಪರ್ಗರ್ ಅನ್ನುವ ಬಗೆಯ ಆಟಿಸಂ ಇರುವ ದೊಡ್ಡವರು ಬಾಯಲ್ಲಿ ಸರಿ ಉತ್ತರ ಕೊಟ್ಟರೂ, ತಪ್ಪು ತಿಳಿದ ವ್ಯಕ್ತಿ ಹುಡುಕಲಿರುವ ಜಾಗಕ್ಕೆ ಅವರ ಕಣ್ಣು ಮುಂಚಿತವಾಗಿ ಹೋಗಲಿಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ಗೋಲಿ ಆಟವನ್ನೇ ಆರಿಸುತ್ತೇನೆ. ಬಾಯಿ ಬಿಡದ ಮಗುವೂ ಬೆರಳು ತೋರಿಸಬಹುದು. ಊಹೆಯನ್ನು ಹಿಡಿಯಲು ಬೇರೆ ಬೇರೆ ವಸ್ತು ಇಟ್ಟು ಕನಿಷ್ಠ ಎರಡು ಸಲ ಮಾಡಿಸುತ್ತೇನೆ. ರಿಪೋರ್ಟಿನಲ್ಲಿ ಪಾಸ್-ಫೇಲ್ ಬರೆಯುವುದಿಲ್ಲ. ಕೇಳಿದ ಮಾತು, ಬಂದ ಉತ್ತರ, ಮಗುವಿನ ಭಾಷೆಯ ಮಟ್ಟ, ಇಷ್ಟೇ.

ಹುಡುಗನ ಅಮ್ಮ ಹೊರಡುವಾಗ ಹೇಳಿದರು: "ಮೇಡಂ, ಅಣ್ಣ ಬರೋ ಮುಂಚೆ ಇವನು ರಿಮೋಟು ದಿಂಬಿನಡಿ ಬಚ್ಚಿಡ್ತಾನೆ." ಅಣ್ಣನಿಗೆ ಸಿಗದಿರಲಿ ಅಂತಲೋ, ಅಲ್ಲಿ ಇಟ್ಟರೆ ಯಾರೂ ತೆಗೆಯುವುದಿಲ್ಲ ಅನ್ನುವುದು ರೂಢಿಯಾಗಿಯೋ? ಅಣ್ಣ ಕೇಳಿದಾಗ ಏನನ್ನುತ್ತಾನೆ ಅಂತ ನೋಡಿ ಬನ್ನಿ ಅಂದೆ. ಮುಂದಿನ ವಾರ ಬಂದವರು ನಗುತ್ತಿದ್ದರು. "ಫ್ರಿಜ್ಜಿನ ಮೇಲಿದೆ" ಅಂದನಂತೆ.