‘ಚೊಲೋ ಇದ್ದು ತಮಾ’: ಶಿರಸಿಯ ಅಡಿಕೆ ಮನೆಗಳಲ್ಲಿ ಮೂರು ರೀತಿ ಕೇಳಿ ನೋಡಿದೆ

ನನ್ನ ಐಡಿಯಾ ಸರಳ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು, ಮದ್ದು ಹೊಡೆಯುವವನು ಕೊನೆಗೌಡ. ಕೊನೆಕೊಯ್ಲಿಗೆ ಕೊನೆಗೌಡ ಸಿಗುತ್ತಿಲ್ಲ ಅಂತ ಶಿರಸಿ ಕಡೆ ಎಲ್ಲರೂ ಹೇಳುತ್ತಾರೆ. ಹಾಗಾದರೆ ಮೊಬೈಲಿನಲ್ಲೇ ಅವರನ್ನು ಬುಕ್ ಮಾಡುವ ಆ್ಯಪ್ ಮಾಡೋಣ ಅಂದುಕೊಂಡೆ. ಕೋಡ್ ಬರೆಯುವ ಮೊದಲು ಬೆಳೆಗಾರರನ್ನು ಕೇಳಬೇಕಲ್ಲ. ಒಂದೇ ಐಡಿಯಾ ಇಟ್ಟುಕೊಂಡು ಮೂರು ರೀತಿ ಕೇಳಿದೆ. ಮೂರಕ್ಕೂ ಬೇರೆ ಬೇರೆ ಉತ್ತರ ಬಂತು.

ಮೊದಲನೆಯದು, ತೋರಿಸಿ ಕೇಳುವುದು. ನಾಲ್ಕು ಸ್ಕ್ರೀನ್‌ಗಳ ಚಿತ್ರ ಮಾಡಿಕೊಂಡು ಹುಲೇಕಲ್ ಕಡೆ ಹನ್ನೆರಡು ಮನೆ ಸುತ್ತಿದೆ. ಹೋದ ಕೂಡಲೇ ‘ಯಾರ ಮನೆ ಮಾಣಿ?’ ಅಂತ ಕೇಳುತ್ತಾರೆ. ನಾನು ಹೇಳುತ್ತೇನೆ. ಕುಡಿಯಲು ಆಸರಿಗೆ ಬರುತ್ತದೆ. ಫೋನ್ ತೋರಿಸಿ ‘ಹೀಗೊಂದು ಬಂದರೆ ಬಳಸುತ್ತೀರಾ?’ ಅಂದೆ. ಹನ್ನೊಂದು ಮನೆಯಲ್ಲಿ ‘ಚೊಲೋ ಇದ್ದು ತಮಾ, ಮಾಡು’. ಹನ್ನೆರಡನೆಯವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಇದರಲ್ಲಿ ಅವರ ಸುಳ್ಳೇನೂ ಇಲ್ಲ. ಪರಿಚಯದವರ ಮಗ ಊರಲ್ಲೇ ಏನೋ ಮಾಡಲು ಹೊರಟಿದ್ದಾನೆ, ಅವನ ಮುಖಕ್ಕೆ ‘ಬೇಡ’ ಅನ್ನುವುದು ಹೇಗೆ? ದಾಕ್ಷಿಣ್ಯ. ನಾನು ಕೇಳಿದ್ದು ‘ಬಳಸುತ್ತೀರಾ’ ಅಂತ, ಅವರ ಕಿವಿಗೆ ಬಿದ್ದದ್ದು ‘ನನಗೆ ಆಶೀರ್ವಾದ ಮಾಡುತ್ತೀರಾ’ ಅಂತ.

ಎರಡನೆಯದು, ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಒಂದು ಫಾರ್ಮ್. ಮುಖ ಕಾಣದಿದ್ದರೆ ದಾಕ್ಷಿಣ್ಯ ಇರಲ್ಲ ಅಂದುಕೊಂಡಿದ್ದೆ. 31 ಜನ ತುಂಬಿದರು. ತಿಂಗಳಿಗೆ 100 ರೂಪಾಯಿ ಕೊಡುತ್ತೇವೆ ಅಂದವರು 24. ಆಮೇಲೆ ಹತ್ತು ಜನರಿಗೆ ಫೋನ್ ಮಾಡಿದೆ. ಆರು ಜನ ಬೆಂಗಳೂರಿನಲ್ಲಿರುವ ಮಕ್ಕಳು. ಕೊನೆಗೌಡನನ್ನು ಕರೆಯುವುದು ಅಪ್ಪನ ಕೆಲಸ, ಅಪ್ಪ ಫಾರ್ಮ್ ನೋಡಿಯೇ ಇಲ್ಲ. ಫಾರ್ಮಿನ ಬಗ್ಗೆ ಇಷ್ಟು ಸಾಕು.

ಮೂರನೆಯದರಲ್ಲಿ ಐಡಿಯಾ ಸುದ್ದಿಯನ್ನೇ ಎತ್ತಲಿಲ್ಲ. ಪರಿಚಯ ಇಲ್ಲದ ಸೋಂದಾ ಕಡೆಯ ಮನೆಗಳಿಗೆ ಹೋದೆ. ‘ತೋಟದ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಲು ಬಂದೆ, ಮಾರಲು ಏನೂ ತಂದಿಲ್ಲ’ ಅಂದೆ. ಅದು ನಿಜವೂ ಹೌದು. ಹೋದ ಸಲ ಕೊನೆಕೊಯ್ಲು ಆಗಿದ್ದು ಯಾವಾಗ? ಯಾರು ಬಂದಿದ್ದರು? ಹೇಗೆ ಕರೆದಿರಿ? ಹೇಳಿದ ದಿನ ಬಂದರಾ? ಬರದಿದ್ದಾಗ ಏನು ಮಾಡಿದಿರಿ? ಕೇಳಿದ್ದು ಇಷ್ಟೇ. ಎಲ್ಲವೂ ಆಗಿಹೋದ ಒಂದು ದಿನದ ಬಗ್ಗೆ.

ಮೊದಲ ಎರಡು ಮನೆ ನಾನೇ ಕೆಡಿಸಿದೆ. ‘ಕೊನೆಗೌಡ ಸಿಗೋದು ಕಷ್ಟ ಅಲ್ವಾ?’ ಅಂದುಬಿಟ್ಟೆ. ನಮ್ಮ ಮಾತಿನಲ್ಲಿ ಈ ‘ಅಲ್ವಾ’ ಬಹಳ ಅಪಾಯದ್ದು. ಅದಕ್ಕೆ ‘ಹೌದು’ ಬಿಟ್ಟು ಬೇರೆ ಉತ್ತರ ಕೊಟ್ಟರೆ ಜಗಳ ತೆಗೆದ ಹಾಗೆ. ಇನ್ನೊಂದು, ಉತ್ತರ ಹೇಗೆ ಮುಗಿಯುತ್ತದೆ ಅಂತ ಗಮನಿಸಬೇಕು. ‘ಎರಡು ತಿಂಗಳು ಮೊದಲೇ ಹೇಳಿಡ್ತೇವೆ’ ಅಂದರೆ ಅದು ಹೀಗಿರಬೇಕು ಅನ್ನುವ ಮಾತು. ‘ಹೋದ ಸಲ ಯಾವಾಗ ಹೇಳಿದ್ರಿ?’ ಅಂತ ಮತ್ತೆ ಕೇಳಿದರೆ, ‘ಹೋದ ಸಲ... ಹಿಂದಿನ ವಾರ ಹೇಳಿದ್ದು’ ಅಂತ ನಿಜ ಹೊರಗೆ ಬರುತ್ತದೆ.

ಒಂದು ಮನೆಯ ಮಾತನ್ನು ಪೂರ್ತಿ ಹೇಳುತ್ತೇನೆ. ಎರಡು ಎಕರೆ ತೋಟದ ಯಜಮಾನರು. ಕೊನೆಗೌಡ ಹೇಳಿದ ದಿನ ಬರಲಿಲ್ಲ, ಹದಿನೈದು ದಿನ ತಡ ಮಾಡಿದ. ನಾನು ಒಳಗೊಳಗೇ ಖುಷಿಪಟ್ಟೆ, ಸಮಸ್ಯೆ ಸಿಕ್ಕಿತು ಅಂತ. ‘ಆಮೇಲೆ ಏನು ಮಾಡಿದಿರಿ?’ ಅಂದೆ. ‘ಎಂತ ಮಾಡೋದು, ಅಡಕೆ ಹಣ್ಣಾತು, ಚಾಲಿ ಮಾಡ್ದಿ.’

ಇಲ್ಲಿ ನನ್ನ ಐಡಿಯಾದ ಗಾಳಿ ಹೋಯಿತು. ಕೆಂಪಡಿಕೆ ಮಾಡಬೇಕಾದರೆ ಕಾಯಿ ಹಸಿರಿರುವಾಗಲೇ ಕೊಯ್ದು, ಬೇಗ ಸುಲಿದು ಬೇಯಿಸಬೇಕು. ತಡವಾಗಿ ಹಣ್ಣಾದರೆ ಹಾಗೇ ಒಣಗಿಸಿ ಚಾಲಿ ಮಾಡಬಹುದು. ದರದಲ್ಲಿ ವ್ಯತ್ಯಾಸ ಆಗಬಹುದು, ಬೆಳೆ ಮಾತ್ರ ಕೈಗೆ ಬರುತ್ತದೆ. ಅಂದರೆ ತಡ ಆಗುವುದು ಕಿರಿಕಿರಿ, ನಷ್ಟ ಅಲ್ಲ. ಕಿರಿಕಿರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಜೊತೆಗೆ ಆ ಕೊನೆಗೌಡ ಅವರ ಮನೆಗೆ ವರ್ಷಗಳಿಂದ ಬರುವವನು. ಆ್ಯಪಿನಲ್ಲಿ ಬೇರೆಯವನನ್ನು ಕರೆದರೆ ಇವನು ಮುನಿಸಿಕೊಳ್ಳುತ್ತಾನೆ, ಆಮೇಲೆ ಬರುವುದೇ ಇಲ್ಲ. ಈ ಮಾತು ಆ ಹನ್ನೊಂದು ‘ಚೊಲೋ ಇದ್ದು’ಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಎದ್ದು ಹೊರಡುವ ಮೊದಲು ಸುಮ್ನೆ ಕೂತೆ. ಕವಳ ಹಾಕುತ್ತಾ ಅವರೇ ಮುಂದುವರಿಸಿದರು. ‘ಕೊಯ್ಲು ಹೋಗ್ಲಿ, ಮದ್ದು ಹೊಡೆಯೋಕೆ ಬರದೇ ಹೋದದ್ದೇ ಬೇಜಾರು.’ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು, 40–45 ದಿನ ಬಿಟ್ಟು ಇನ್ನೊಮ್ಮೆ. ಎರಡನೆಯದು ನಡು ಮಳೆಗಾಲದಲ್ಲಿ ಬರುತ್ತದೆ. ಮಳೆ ಬಿಟ್ಟು ಹೊಳವಾದ ಒಂದೆರಡು ದಿನದಲ್ಲೇ ಮುಗಿಸಬೇಕು. ಆ ದಿನ ಎಲ್ಲರ ತೋಟಕ್ಕೂ ಅದೇ ಜನ ಬೇಕು. ಅವರಿಗೆ ಆ ಹೊಳವು ತಪ್ಪಿತು, ಕಾಯಿ ಉದುರಿ ಮರದ ಬುಡ ತುಂಬಿತು. ಉದುರಿದ ಕಾಯಿಯಿಂದ ಚಾಲಿ ಮಾಡುವ ಹಾಗಿಲ್ಲ.

‘ಇದಕ್ಕೆ ಏನಾದರೂ ಖರ್ಚು ಮಾಡಿದ್ದೀರಾ?’ ಅಂತ ಕೇಳಿದೆ. ಎದ್ದು ಹೋಗಿ ಕೊಟ್ಟಿಗೆಯಿಂದ ಉದ್ದದ ಕಾರ್ಬನ್ ಫೈಬರ್ ದೋಟಿ ತಂದು ತೋರಿಸಿದರು. ಮರ ಹತ್ತದೆ ನೆಲದಿಂದಲೇ ಮದ್ದು ಹೊಡೆಯಬಹುದು ಅಂತ ಸಾವಿರಾರು ರೂಪಾಯಿ ಕೊಟ್ಟು ತಂದದ್ದು. ಹಿಡಿಯುವವರಿಗೆ ಕುತ್ತಿಗೆ ನೋವು ಬಂದು ಮೂಲೆ ಸೇರಿತ್ತು. ನನಗೆ ಸಿಕ್ಕ ಅತಿ ಗಟ್ಟಿ ಉತ್ತರ ಅದೇ. ಯಾರೂ ನನ್ನನ್ನು ಖುಷಿಪಡಿಸಲು ದೋಟಿ ಕೊಂಡಿರುವುದಿಲ್ಲ.

ಈ ರೀತಿಗೂ ಖರ್ಚಿದೆ. ಒಂದು ಮನೆಗೆ ಒಂದು ಗಂಟೆಗೂ ಜಾಸ್ತಿ, ದಿನಕ್ಕೆ ಎರಡೋ ಮೂರೋ ಮನೆ. ಒಂಬತ್ತು ಮನೆ ಮಾಡಿದೆ. ಆರರಲ್ಲಿ ಮದ್ದಿನ ಕತೆಯೇ ಬಂತು, ನಾನು ಎತ್ತದೆ. ಮೂರರಲ್ಲಿ ಬರಲೇ ಇಲ್ಲ. ಆ ಮೂವರಲ್ಲಿ ಇಬ್ಬರು ಮಳೆಗಾಲಕ್ಕೆ ಮೊದಲೇ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸುವವರು. ಆಗಿಹೋದದ್ದನ್ನು ಕೇಳಿದರೆ ಸಮಸ್ಯೆ ಗೊತ್ತಾಗುತ್ತದೆ, ನನ್ನ ಪರಿಹಾರ ಬೇಕೋ ಬೇಡವೋ ಗೊತ್ತಾಗುವುದಿಲ್ಲ. ಅದಕ್ಕೆ ಏನಾದರೂ ಕೊಡಿ ಅಂತಲೇ ಕೇಳಬೇಕು.

ಹಾಗಾಗಿ ಮದ್ದಿನ ಕತೆ ಹೇಳಿದ ಆರು ಮನೆಗೆ ಮತ್ತೆ ಹೋದೆ. ಎರಡನೇ ಸಲದ ಮದ್ದಿಗೆ ಜಾಗ ಹಿಡಿದಿಡಲು 500 ರೂಪಾಯಿ ಮುಂಗಡ ಕೇಳಿದೆ. ನಾಲ್ವರು ಕೊಟ್ಟರು. ನಾನು ಹಿಗ್ಗಿದೆ. ಆಮೇಲೆ ಅನುಮಾನ ಬಂತು. 500 ರೂಪಾಯಿಯನ್ನೂ ದಾಕ್ಷಿಣ್ಯಕ್ಕೆ ಕೊಡುವ ಜನ ನಮ್ಮವರು. ಅದಕ್ಕೆ ಇನ್ನೊಂದು ಕೇಳಿದೆ: ‘ನಿಮ್ಮ ಕೊನೆಗೌಡರಿಗೆ ಈಗಲೇ ಫೋನ್ ಮಾಡಿ, ನನ್ನ ಜೊತೆ ಮಾತಾಡಿಸುತ್ತೀರಾ?’ ಅದರಲ್ಲಿ ಅವರ ಸ್ವಂತ ಮರ್ಯಾದೆ ಇದೆ. ಮುಂಗಡ ಕೊಟ್ಟ ಇಬ್ಬರು ‘ನೋಡನ’ ಅಂದರು. ‘ನೋಡನ’ ಅಂದರೆ ಇಲ್ಲ ಅಂತ. ಅವರ ದುಡ್ಡು ವಾಪಸ್ ಕೊಟ್ಟೆ. ಉಳಿದ ಇಬ್ಬರು ಅಲ್ಲೇ ಫೋನ್ ಹಚ್ಚಿದರು.

ಆ ಇಬ್ಬರು ಕೊನೆಗೌಡರ ಹತ್ತಿರವೂ ಹಾಗೆಯೇ ಹೋದ ಮಳೆಗಾಲದ ಒಂದು ದಿನದ ಬಗ್ಗೆ ಕೇಳಿದೆ. ಒಬ್ಬರು ನಕ್ಕರು. ‘ಹೊಳವಾದ ದಿನ ಬೆಳಿಗ್ಗೆ ಇಪ್ಪತ್ತು ಫೋನ್ ಬರ್ತದೆ. ನಾನು ಎತ್ತೂದೇ ಇಲ್ಲ. ಯಾರ ಮನೆ ಮೊದಲು ಅಂತ ಹೇಳಿದ್ರೂ ಉಳಿದವರಿಗೆ ಸಿಟ್ಟು.’ ಆ್ಯಪ್ ಬದಿಗಿಟ್ಟೆ. ಈಗ ಒಂದು ಪಟ್ಟಿ ಪುಸ್ತಕ ಇದೆ, ಅವರ ಹದಿನಾಲ್ಕು ಮನೆಗಳ ಸರದಿ ಬರೆದದ್ದು. ಮುಂದಿನ ಮಳೆಗಾಲದಲ್ಲಿ ಆ ಫೋನ್‌ಗಳನ್ನು ನಾನು ಎತ್ತುತ್ತೇನೆ.