ಕನ್ಸರ್ಟೆಡ್ಡೋ, ಸೀಕ್ವೆನ್ಷಿಯಲ್ಲೋ? ಒಂದೇ ಅಂಕಿಗಳ ಮೇಲೆ ಎರಡೂ ಮಾಡೆಲ್

ನಾನು ಕಾರವಾರದಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಗೆಳೆಯನೊಬ್ಬ ಶಿರಸಿಯಲ್ಲಿ ಅದೇ ಪಾಠ ಮಾಡುತ್ತಾನೆ. ಒಂದು ಕಡೆ ಅಣು ಕೂತರೆ ಬೇರೆ ಕಡೆಯ ಹಿಡಿತ ಬದಲಾಗುವ ಅಲೋಸ್ಟೆರಿಕ್ ಕಿಣ್ವಗಳ ಮಾತು ಬಂದಾಗ ಅವನು ಸೀಕ್ವೆನ್ಷಿಯಲ್ ಕಡೆ, ನಾನು ಕನ್ಸರ್ಟೆಡ್ ಕಡೆ. ಮಾತಿನಲ್ಲಿ ಇದು ತೀರುವಂಥದ್ದಲ್ಲ. ಹಾಗಾಗಿ ಒಂದೇ ಅಂಕಿಗಳನ್ನು ತಗೊಂಡು ಎರಡೂ ಮಾಡೆಲ್‌ಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಕೂರಿಸಿ ನೋಡಿದೆವು.

ಮೊದಲು ಎರಡರ ವಾದ ಏನು ಅಂತ ನೋಡೋಣ. ಮೊನೊ, ವೈಮನ್, ಶಾಂಜೊ 1965ರಲ್ಲಿ ಹೇಳಿದ್ದು ಕನ್ಸರ್ಟೆಡ್ ಮಾಡೆಲ್. ಕಿಣ್ವದ ನಾಲ್ಕು ಉಪಘಟಕಗಳೂ ಒಂದೋ ಬಿಗಿಯಾದ T ರೂಪದಲ್ಲಿರುತ್ತವೆ, ಇಲ್ಲವೇ ಸಡಿಲವಾದ R ರೂಪದಲ್ಲಿ. ಅರ್ಧ ಅದು, ಅರ್ಧ ಇದು ಅನ್ನುವುದಿಲ್ಲ. ನಮ್ಮ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರ ಹಾಗೆ, ಎಳೆದರೆ ಎಲ್ಲರೂ ಒಟ್ಟಿಗೆ. ಕೋಶ್ಲ್ಯಾಂಡ್, ನೆಮೆತಿ, ಫಿಲ್ಮರ್ 1966ರಲ್ಲಿ ಹೇಳಿದ್ದು ಸೀಕ್ವೆನ್ಷಿಯಲ್ ಮಾಡೆಲ್. ಲಿಗ್ಯಾಂಡ್, ಅಂದರೆ ಕಿಣ್ವಕ್ಕೆ ಬಂದು ಕೂರುವ ಅಣು, ಯಾವ ಉಪಘಟಕಕ್ಕೆ ಕೂತಿತೋ ಅದು ಮಾತ್ರ ರೂಪ ಬದಲಿಸುತ್ತದೆ. ಅದರ ಪರಿಣಾಮ ಪಕ್ಕದವಕ್ಕೆ ತಾಗಿ, ಮುಂದಿನ ಲಿಗ್ಯಾಂಡ್ ಕೂರುವುದು ಸುಲಭವಾಗಬಹುದು, ಕಷ್ಟವೂ ಆಗಬಹುದು.

ಅಂಕಿಗಳಿಗೆ ನಾವು ಆರಿಸಿಕೊಂಡದ್ದು ಮನುಷ್ಯರ ರಕ್ತ. ಹಿಮೋಗ್ಲೋಬಿನ್ ಕಿಣ್ವವಲ್ಲ, ನಿಜ. ಆದರೆ ಈ ಮಾಡೆಲ್‌ಗಳನ್ನು ಪರೀಕ್ಷಿಸಲು ಅದಕ್ಕಿಂತ ಚೆನ್ನಾಗಿ ಅಳೆದ ಪ್ರೋಟೀನ್ ಸಿಗುವುದು ಕಷ್ಟ. 37 ಡಿಗ್ರಿ, pH 7.4ರಲ್ಲಿ ಆಮ್ಲಜನಕದ ಒತ್ತಡ 5 ಮಿ.ಮೀ. ಪಾದರಸ ಇದ್ದಾಗ ಸುಮಾರು 3.6% ಜಾಗಗಳು ತುಂಬಿರುತ್ತವೆ. 10ಕ್ಕೆ 9.6%, 20ಕ್ಕೆ 32%, 40ಕ್ಕೆ 75%. ಒಂದು ಜಾಗ ತುಂಬಿದರೆ ಉಳಿದವಕ್ಕೆ ಎಷ್ಟು ಸಹಕಾರ ಸಿಗುತ್ತದೆ ಅಂತ ಹೇಳುವ ಸಂಖ್ಯೆ ಹಿಲ್ ಗುಣಾಂಕ, ಸಹಕಾರ ಇಲ್ಲದಿದ್ದರೆ ಅದು 1. ಯಾವುದೇ ಎರಡು ಬಿಂದುಗಳ ನಡುವೆ ಅದನ್ನು ಹೀಗೆ ತೆಗೆಯಬಹುದು:

```
nH = log[ (Y2/(1-Y2)) / (Y1/(1-Y1)) ] / log(x2/x1)
```

Y ಅಂದರೆ ತುಂಬಿದ ಭಾಗ, x ಅಂದರೆ ಒತ್ತಡ ಅಥವಾ ಸಾಂದ್ರತೆ. 20 ಮತ್ತು 40ನ್ನು ಹಾಕಿ. 0.32/0.68 ಅಂದರೆ 0.47, 0.75/0.25 ಅಂದರೆ 3. ಮೂರನ್ನು 0.47ರಿಂದ ಭಾಗಿಸಿದರೆ 6.4 ಹತ್ತಿರ. ಅದರ ಲಾಗ್ ಅನ್ನು 2ರ ಲಾಗ್‌ನಿಂದ ಭಾಗಿಸಿದರೆ ಸುಮಾರು 2.7 ಬರುತ್ತದೆ. ಈಗ ಅದೇ ರಕ್ತದ 5 ಮತ್ತು 10ನ್ನು ಹಾಕಿ ನೋಡಿ, ಬರುವುದು 1.5 ಮಾತ್ರ!

ಇದರಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ಒತ್ತಡ ತೀರಾ ಕಡಿಮೆ ಇದ್ದಾಗ ಆಮ್ಲಜನಕ ಕೂರುವುದು ಹೆಚ್ಚಾಗಿ ಖಾಲಿ ಅಣುಗಳ ಮೇಲೆ. ಅಲ್ಲಿ ಸಹಾಯ ಮಾಡಲು ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ. ಆದ್ದರಿಂದ ಈ ಲಾಗ್‌ಗಳನ್ನು ಗ್ರಾಫಿಗೆ ಹಾಕಿದಾಗ ಬರುವ ಹಿಲ್ ಗೆರೆಯ ಇಳಿಜಾರು, ಅಂದರೆ ಗುಣಾಂಕ, 1ರ ಕಡೆ ಇಳಿಯುತ್ತದೆ. ಮೇಲಿನ ತುದಿಯಲ್ಲೂ ಹಾಗೇ, ಅಲ್ಲಿ ಉಳಿದಿರುವುದು ಕೊನೆಯ ಜಾಗ ಒಂದೇ. ಹಿಲ್ ಗುಣಾಂಕ ಅಂತ ಹೇಳಬೇಕಾದ್ದು ನಡುವಿನ, ಅಂದರೆ 50% ಹತ್ತಿರದ ಇಳಿಜಾರನ್ನು. ಎಲ್ಲ ಬಿಂದುಗಳಿಗೂ ಸೇರಿಸಿ ಸುಮ್ನೆ ಒಂದು ನೇರ ಗೆರೆ ಎಳೆದರೆ ಬರುವ ಸಂಖ್ಯೆ ಇದಕ್ಕಿಂತ ಕಡಿಮೆಯೇ ಇರುತ್ತದೆ. ಜಾಗ ನಾಲ್ಕಿದ್ದರೂ ಗುಣಾಂಕ 2.7 ಅನ್ನುವುದನ್ನೂ ಗಮನಿಸಿ. ಅದು ಜಾಗಗಳ ಎಣಿಕೆ ಅಲ್ಲ. ಜಾಗಗಳು ಕನಿಷ್ಠ ಮೂರಾದರೂ ಇರಬೇಕು ಅಂತ ಮಾತ್ರ ಹೇಳುತ್ತದೆ.

ಪೂರ್ತಿ ತುಂಬಿದ ಮಟ್ಟವನ್ನು ತಪ್ಪಾಗಿ ಊಹಿಸಿದರೆ ಈ ಸಂಖ್ಯೆ ಇನ್ನೂ ಕೆಡುತ್ತದೆ. ಸಹಕಾರವೇ ಇಲ್ಲದ ಒಂದು ಪ್ರೋಟೀನ್ ತಗೊಳ್ಳಿ. ಲಿಗ್ಯಾಂಡ್ 10 ಇದ್ದಾಗ 50, 40ಕ್ಕೆ 80, 90ಕ್ಕೆ 90 ಅಂತ ರೀಡಿಂಗ್ ಬಂತು ಅನ್ನೋಣ. ನಿಜವಾದ ಗರಿಷ್ಠ 100. ಆಗ ಎಲ್ಲಿ ಅಳೆದರೂ ಗುಣಾಂಕ 1. ಆದರೆ ಪ್ರಯೋಗ 90ಕ್ಕೇ ನಿಂತಿತು, ಗ್ರಾಫು ಚಪ್ಪಟೆಯಾದ ಹಾಗೆ ಕಂಡಿತು, ಗರಿಷ್ಠ 92 ಅಂತ ಬರೆದುಕೊಂಡರೆ? 10 ಮತ್ತು 40ರ ನಡುವೆ 1.24 ಬರುತ್ತದೆ, 40 ಮತ್ತು 90ರ ನಡುವೆ 2.35. ಇಲ್ಲದ ಸಹಕಾರ ಕಾಗದದ ಮೇಲೆ ಹುಟ್ಟಿಬಿಡುತ್ತದೆ! ಇದನ್ನು ಗುರುತಿಸುವ ಉಪಾಯ ಸುಲಭ. ನಿಜವಾದ ಹಿಲ್ ಗೆರೆ ಮೇಲಿನ ತುದಿಯಲ್ಲಿ ಬಾಗಿ 1ರ ಕಡೆ ಬರಬೇಕು. ಅಲ್ಲಿ ಅದು ಇನ್ನೂ ಕಡಿದಾಗಿ ಏರುತ್ತಿದ್ದರೆ ಮೊದಲು ಗರಿಷ್ಠವನ್ನೇ ಅನುಮಾನಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಕರೆಂಟ್ ಹೋಗಿ ವಾಟರ್ ಬಾತ್ ತಣ್ಣಗಾದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ಅರ್ಧ ಬಿಂದುಗಳು ಒಂದು ಗ್ರಾಫಿಗೆ, ಉಳಿದರ್ಧ ಇನ್ನೊಂದಕ್ಕೆ ಸೇರಿದಂತಾಗುತ್ತದೆ. ಅಂಥ ದಿನದ ಅಂಕಿಗಳನ್ನು ನಾನು ಪೂರ್ತಿ ಬಿಟ್ಟುಬಿಡುತ್ತೇನೆ.

ಇನ್ನು ಹೋಲಿಕೆಗೆ ಬರೋಣ. ರಕ್ತದ ಅಂಕಿಗಳ ಮೇಲೆ ಎರಡೂ ಮಾಡೆಲ್‌ಗಳ ಗೆರೆ ಬಿಂದುಗಳ ಮೇಲೆಯೇ ಹಾದು ಹೋದವು. ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. "2.7 ಅಂತ ಒಂದು ನಂಬರ್ ಇಟ್ಕೊಂಡು ಒಳಗೆ ಹೇಗೆ ತಿರುಗ್ತು ಅಂತ ಹೇಳೂಕೆ ಆಗ್ತದಾ ಮಾರಾಯ?" ಅಂದ ಗೆಳೆಯ. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೂ ಮೊದಲ ಪ್ರಯತ್ನಕ್ಕೆ ನನ್ನ ಆಯ್ಕೆ ಕನ್ಸರ್ಟೆಡ್. ಅದರಲ್ಲಿ ತಿರುಗಿಸಲು ಇರುವುದು ಮೂರೇ ಸಂಖ್ಯೆ. ಲಿಗ್ಯಾಂಡ್ ಇಲ್ಲದಾಗಿನ T ಮತ್ತು R ಅನುಪಾತ L, R ರೂಪದ ಹಿಡಿತ, ಎರಡು ರೂಪಗಳ ಹಿಡಿತದ ಅನುಪಾತ c. ಸೀಕ್ವೆನ್ಷಿಯಲ್‌ನಲ್ಲಿ ಉಪಘಟಕಗಳು ಚೌಕವಾಗಿ ಕೂತಿವೆಯೋ, ಸಾಲಾಗಿ ಕೂತಿವೆಯೋ ಅನ್ನುವುದನ್ನೂ ನಾವೇ ಆರಿಸಬೇಕು. ಅಷ್ಟು ಸ್ವಾತಂತ್ರ್ಯ ಇದ್ದರೆ ಅದು ಹೆಚ್ಚುಕಡಿಮೆ ಯಾವ ಗ್ರಾಫಿಗೂ ಹೊಂದಿಕೊಳ್ಳುತ್ತದೆ.

ಆದರೆ ಒಂದು ಕಡೆ ಗೆಳೆಯನ ಮಾಡೆಲ್ ಸ್ಪಷ್ಟವಾಗಿ ಗೆಲ್ಲುತ್ತದೆ. ಕನ್ಸರ್ಟೆಡ್‌ನಲ್ಲಿ ಲಿಗ್ಯಾಂಡ್ ಕೂತಷ್ಟೂ ಅಣುಗಳು ಹೆಚ್ಚು ಹಿಡಿತದ ರೂಪಕ್ಕೇ ವಾಲುತ್ತವೆ. ಮುಂದಿನ ಜಾಗದ ಹಿಡಿತ ಕಡಿಮೆಯಾಗಲು ದಾರಿಯೇ ಇಲ್ಲ. ಆದ್ದರಿಂದ ಬೈಂಡಿಂಗ್ ಅಂಕಿಗಳಲ್ಲಿ ಗುಣಾಂಕ 1ಕ್ಕಿಂತ ಕೆಳಗೆ ಬಂದರೆ ಸರಳ ಕನ್ಸರ್ಟೆಡ್ ಮಾಡೆಲ್ ಬಿದ್ದುಹೋಯಿತು. ಮೊಲದ ಸ್ನಾಯುವಿನ ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಡಿಹೈಡ್ರೋಜಿನೇಸ್‌ನಲ್ಲಿ ಕಾನ್‌ವೇ ಮತ್ತು ಕೋಶ್ಲ್ಯಾಂಡ್ 1968ರಲ್ಲಿ ಕಂಡದ್ದು ಇದನ್ನೇ. ಅಲ್ಲಿ ಲಿಗ್ಯಾಂಡ್ NAD. ಮೊದಲ ಎರಡು NAD ಬಹಳ ಬಿಗಿಯಾಗಿ ಕೂರುತ್ತವೆ, ಮೂರನೆಯದು ಸಡಿಲ, ನಾಲ್ಕನೆಯದು ಇನ್ನೂ ಸಡಿಲ. ವಿಚಿತ್ರ ಅಂದರೆ, ಯೀಸ್ಟ್‌ನಿಂದ ತೆಗೆದ ಇದೇ ಕಿಣ್ವದ ಅಂಕಿಗಳು 1966ರಲ್ಲಿ ಕನ್ಸರ್ಟೆಡ್‌ಗೆ ಹೊಂದಿದ್ದವು. ಒಂದು ಎಚ್ಚರಿಕೆ: ಅರ್ಧ ಹಾಳಾದ ಕಿಣ್ವ ಒಳ್ಳೆಯದರ ಜೊತೆ ಬೆರೆತಿದ್ದರೂ 1ಕ್ಕಿಂತ ಕಡಿಮೆ ಬರುತ್ತದೆ. ಹೊಸದಾಗಿ ಶುದ್ಧ ಮಾಡಿದ ಕಿಣ್ವದಲ್ಲೂ ಅದೇ ಸಂಖ್ಯೆ ಬಂದರೆ ಮಾತ್ರ ನಂಬಿ.

ಗುಣಾಂಕ 1ಕ್ಕಿಂತ ಮೇಲಿದ್ದರೆ ಬೇರೆ ಪರೀಕ್ಷೆ ಬೇಕು. ಲಿಗ್ಯಾಂಡ್ ಕೂತ ಭಾಗವನ್ನೂ ರೂಪ ಬದಲಿಸಿದ ಭಾಗವನ್ನೂ ಬೇರೆ ಬೇರೆಯಾಗಿ ಅಳೆಯುವುದು. ಮೊದಲನೆಯದಕ್ಕೆ ಡಯಾಲಿಸಿಸ್ ಚೀಲ ಸಾಕು. ಸೀಕ್ವೆನ್ಷಿಯಲ್ ಸರಿ ಇದ್ದರೆ ಎರಡೂ ಒಂದೇ ಗೆರೆಯಲ್ಲಿ ಸಾಗಬೇಕು, ಏಕೆಂದರೆ ಕೂತದ್ದಷ್ಟೇ ಬದಲಾಗುವುದು. ಕನ್ಸರ್ಟೆಡ್‌ನಲ್ಲಿ ರೂಪ ಬದಲಾವಣೆ ಮುಂದೆ ಓಡುತ್ತದೆ. L ಅನ್ನು 1000, c ಅನ್ನು ಸೊನ್ನೆ ಅಂತ ಇಟ್ಟು ಲೆಕ್ಕ ಹಾಕಿದರೆ, 47% ಜಾಗ ತುಂಬಿದಾಗಲೇ 56% ಅಣುಗಳು R ಆಗಿರುತ್ತವೆ. ಇ. ಕೋಲಿಯ ಆಸ್ಪಾರ್ಟೇಟ್ ಟ್ರಾನ್ಸ್‌ಕಾರ್ಬಮೈಲೇಸ್‌ನಲ್ಲಿ ಲಿಗ್ಯಾಂಡ್ ಆಗಿ ಸಕ್ಸಿನೇಟ್ ಬಳಸಿ ಗೆರ್‌ಹಾರ್ಟ್ ಮತ್ತು ಶಾಕ್‌ಮನ್ 1968ರಲ್ಲಿ ಅಳೆದಾಗ ಬದಲಾವಣೆ ಹೀಗೇ ಮುಂದಿತ್ತು. ಅಲ್ಲಿ ನನ್ನ ಪಕ್ಷಕ್ಕೆ ಬಲ ಬಂತು. ಆದರೆ ರೂಪ ತೋರಿಸುವ ಗುರುತು ಇಡೀ ಅಣುವಿನ ಬದಲಾವಣೆಯನ್ನು ಹೇಳಬೇಕು. ಅದು ತಾನಿರುವ ಉಪಘಟಕಕ್ಕೆ ಲಿಗ್ಯಾಂಡ್ ಬಂದದ್ದನ್ನಷ್ಟೇ ತೋರಿಸುವಂಥದ್ದಾದರೆ, ಕನ್ಸರ್ಟೆಡ್ ಕಿಣ್ವದಲ್ಲೂ ಎರಡು ಗೆರೆ ಒಂದಾಗಿಯೇ ಕಾಣುತ್ತವೆ. ಶಿರಸಿಯವನ ಜೊತೆ ಈಗ ನಡೆಯುತ್ತಿರುವ ಚರ್ಚೆ ಅದೇ, ಯಾವ ಗುರುತನ್ನು ಎಲ್ಲಿ ಅಂಟಿಸಬೇಕು ಅನ್ನುವುದು.