ಶಾಲೆಯ ಪೋಸ್ಟರ್ ಸ್ಪರ್ಧೆಗೆ ದುಡ್ಡು ಕಟ್ಟುವ ಮುಂಚೆ ಹಿನ್ನೆಲೆಯ ನಿಯಮ ಸರಿಯಾಗಿ ಓದಿ

ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗಳ ಶಾಲೆಯ ಚಿತ್ರಕಲಾ ಸಂಘದಿಂದ ನೋಟಿಸ್ ಬಂತು. ವಿಷಯ ಕೆರೆ ಉಳಿಸುವುದು, ಶುಲ್ಕ 200 ರೂಪಾಯಿ. ಎರಡು ಫೋಟೊ ಸೇರಿಸಿ ಒಂದೇ ಪೋಸ್ಟರ್ ಮಾಡಬೇಕು. ಮುಂದಿರುವ ವ್ಯಕ್ತಿಯ ಫೋಟೊ ಮಕ್ಕಳೇ ತೆಗೆದಿರಬೇಕು. ಹಿನ್ನೆಲೆಯನ್ನು ಇಂಟರ್ನೆಟ್ಟಿಂದ ತರಬಹುದು, ಆದರೆ 'ಫ್ರೀ ಲೈಸೆನ್ಸ್' ಇರಬೇಕು, ಮೂಲ ತಿಳಿಸಬೇಕು. ಎಲ್ಲಿ ತಿಳಿಸಬೇಕು? ಅದು ಮಾತ್ರ ಇಲ್ಲ. ಕೆಳಗೆ ಇನ್ನೊಂದು ಸಾಲು: ಪೋಸ್ಟರ್ ಮೇಲೆ ಸ್ಪರ್ಧಿಯ ಹೆಸರು ಇರಬಾರದು.

ಮಗಳು ವಿಕಿಮೀಡಿಯ ಕಾಮನ್ಸ್‌ನಿಂದ ಬತ್ತಿದ ಕೆರೆಯ ಫೋಟೊ ಆರಿಸಿದಳು. ಅದರಲ್ಲಿ ಕಲ್ಲುಗಳ ನೆರಳು ಬಲಕ್ಕೆ ಬಿದ್ದಿತ್ತು. ಹಾಗಾಗಿ ಸಂಜೆ ತಾರಸಿಯಲ್ಲಿ ಅಜ್ಜಿಗೆ ಕೊಡ ಕೊಟ್ಟು, ಎಡಗಡೆಯಿಂದ ಬಿಸಿಲು ಬೀಳುವ ಹಾಗೆ ನಿಲ್ಲಿಸಿ ಫೋಟೊ ತೆಗೆದಳು. ಸೀರೆಯ ಅಂಚು ಕತ್ತರಿಸಿ ಅಂಟಿಸಿದ ಹಾಗೆ ಕಾಣಬಾರದು ಅಂತ ಸ್ವಲ್ಪ ಮೃದು ಮಾಡಿ, ಕಾಲಡಿಯ ನೆರಳನ್ನು ಬೇರೆ ಲೇಯರಿನಲ್ಲಿ ಬಿಡಿಸಿದಳು. ಆ ಕೆರೆಯ ಫೋಟೊದ ಲೈಸೆನ್ಸ್ CC BY-SA 4.0. ಅಂದರೆ ಬಳಸೋದು ಫ್ರೀ, ಆದರೆ ತೆಗೆದವರ ಹೆಸರು ಹೇಳಲೇಬೇಕು. ಆ ಹೆಸರನ್ನು ಪೋಸ್ಟರಿನ ಕೆಳ ಅಂಚಿನ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದಳು.

ಫಲಿತಾಂಶ ಪೋಷಕರ ವಾಟ್ಸಾಪ್ ಗುಂಪಿಗೇ ಬಂತು. ಮಗಳ ಹೆಸರಿನ ಮುಂದೆ 'ಅನರ್ಹ, ಹೆಸರು ಬರೆಯಲಾಗಿದೆ'. ಎಲ್ಲರ ಎದುರು! ಏನೋ ಮೋಸ ಮಾಡಿದಳು ಅನ್ನೋ ಹಾಗೆ. ನೆಂಟರಿಗೆಲ್ಲ ಪೋಸ್ಟರ್ ಕಳಿಸಿದ್ದೆ ಬೇರೆ.

ಸಂಘದ ಸರ್‌ಗೆ ಕೇಳಿದೆ, ಅದು ಅವಳ ಹೆಸರಲ್ಲ, ಫೋಟೊ ತೆಗೆದವರದ್ದು ಅಂತ.

"ಫ್ರೀ ಅಂದ್ಮೇಲೆ ಹೆಸರ್ಯಾಕೆ ಮೇಡಂ?"

"ಮೂಲ ತಿಳಿಸಿ ಅಂತ ನೀವೇ ಬರೆದಿದ್ದೀರಲ್ವಾ ಸರ್?"

"ಬಾಯಲ್ಲಿ ಹೇಳಿದ್ರೆ ಸಾಕಿತ್ತು."

ಬಾಯಲ್ಲಂತೆ! ಪೋಸ್ಟರ್ ಕಳಿಸಿದ್ದು ಇಮೇಲಿನಲ್ಲಿ, ಯಾರ ಹತ್ರ ಹೇಳೋದು? ದುಡ್ಡು ವಾಪಸ್ ಕೇಳಿದರೆ "ಪ್ರಿಂಟಿಂಗ್‌ಗೆ ಹೋಯ್ತು" ಅಂದರು.

ಯಾವ ಪ್ರಿಂಟಿಂಗ್ ಅಂತ ಆಮೇಲೆ ಗೊತ್ತಾಯಿತು. ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದಾರೆ. ನಮ್ಮ ಅಜ್ಜಿ, ಅದೇ ಕೊಡ, ಅದೇ ಕೆರೆ. ಕೆಳಗಿನ ಪಟ್ಟಿ ಮಾತ್ರ ಕತ್ತರಿಸಿದ್ದಾರೆ. ಆ ಜಾಗದಲ್ಲಿ ಸಂಘದ ಹೆಸರು, ಪಕ್ಕದಲ್ಲಿ 'ಎಲ್ಲ ಹಕ್ಕುಗಳೂ ಸಂಘದ್ದು'. ಅನರ್ಹ ಪೋಸ್ಟರ್ ಗೇಟಿಗೆ ಆಗುತ್ತೆ, ಬಹುಮಾನಕ್ಕೆ ಆಗಲ್ಲ! ಮೇಲಾಗಿ ಆ SA ಅನ್ನೋದರ ಅರ್ಥವೇ, ಈ ಫೋಟೊ ಸೇರಿಸಿ ಮಾಡಿದ್ದನ್ನು ಹಂಚುವಾಗ ಅದೇ ಲೈಸೆನ್ಸಿನಲ್ಲೇ ಹಂಚಬೇಕು ಅಂತ. ಎಲ್ಲ ಹಕ್ಕೂ ನಮ್ಮದು ಅನ್ನೋ ಹಾಗೇ ಇಲ್ಲ. ಕೇಳಿದರೆ, "ಚೆನ್ನಾಗಿತ್ತು, ಅದಕ್ಕೇ ಹಾಕಿದ್ವಿ. ಖುಷಿಪಡಿ ಮೇಡಂ."

ನಿಮ್ಮ ಮಕ್ಕಳಿಗೂ ಇಂಥ ನೋಟಿಸ್ ಬಂದರೆ, ಫೋಟೊ ತೆಗೆದವರ ಹೆಸರನ್ನು ಎಲ್ಲಿ ಹಾಕಬೇಕು ಅಂತ ಬರವಣಿಗೆಯಲ್ಲೇ ಕೇಳಿ. ಬೇರೆ ಹಾಳೆಯಲ್ಲಿ ಕೊಡಿ ಅಂದರೆ ಸರಿ, ಆದರೆ ಪ್ರಿಂಟ್ ಮಾಡುವಾಗ ಜೊತೆಗೆ ಹಾಕ್ತಾರಾ ಅಂತಲೂ ಕೇಳಿ. ಉತ್ತರ ಬರದಿದ್ದರೆ ಸುಮ್ನೆ CC0 ಅಂತ ಇರುವ ಫೋಟೊ ಹುಡುಕಿ, ಅದಕ್ಕೆ ಹೆಸರು ಹಾಕಲೇಬೇಕು ಅಂತಿಲ್ಲ. ಇಲ್ಲಾಂದ್ರೆ ಹತ್ತಿರದ ಕೆರೆಗೆ ಹೋಗಿ ನೀವೇ ತೆಗೆಯಿರಿ.

ಪಟ್ಟಿ ವಾಪಸ್ ಹಾಕಿ, ಇಲ್ಲ ಫ್ಲೆಕ್ಸ್ ಇಳಿಸಿ ಅಂತ ಪ್ರಿನ್ಸಿಪಾಲರಿಗೆ ಬರೆದಿದ್ದೇನೆ. "ನೋಡ್ತೀವಿ" ಅಂದಿದ್ದಾರೆ. ಫ್ಲೆಕ್ಸ್ ಇನ್ನೂ ಅಲ್ಲೇ ಇದೆ.